ಬದುವಿನ ಮೇಲಿನ ತಗ್ಗುಕಲ್ಲು: ಸವೆತ ನೋಡಿ ಗುರುತಿಸುವುದು ಹೇಗೆ?

ಬೀಸುಕಲ್ಲು, ಒಳ್ಳು ಯಾವುದೆಂದು ನಮ್ಮ ಹಾವೇರಿ ಸೀಮೆಯ ಹಿರಿಯರಿಗೆ ಕೇಳಬೇಕಿಲ್ಲ. ಆದರೆ ಹೊಲ ಉಳುವಾಗ, ಪಾಯ ತೆಗೆಯುವಾಗ ಕೆಲವೊಮ್ಮೆ ಅವರಿಗೂ ಗೊತ್ತಾಗದ ಕಲ್ಲು ಸಿಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಹೊಲವೊಂದರ ಬದುವಿನ ಮೇಲೆ ನಾವು ನೋಡಿದ್ದು ಅಂಥದ್ದೇ. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ನಡುವೆ ಸುಮಾರು ಎರಡು ಇಂಚು ತಗ್ಗು. ಹೊಲದ ಮನೆಯ ಅಜ್ಜಿ ನೋಡಿ, "ಇದು ಬೀಸೂ ಕಲ್ಲೂ ಅಲ್ಲ, ಒಳ್ಳೂ ಅಲ್ಲ ತಮ್ಮಾ" ಎಂದರು. ಹಾಗಾದರೆ ಏನು?

ಮೊದಲು ನೋಡಬೇಕಾದ್ದು ತಗ್ಗಿನ ಆಕಾರ. ಕೈ ಹೇಗೆ ಆಡಿತೋ ಕಲ್ಲು ಹಾಗೆ ಸವೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕುಟ್ಟುವ ಒಳ್ಳಿನಲ್ಲಿ ಒನಕೆ ಮೇಲಿಂದ ಕೆಳಗೆ ಬೀಳುತ್ತದೆ. ಆದ್ದರಿಂದ ಕುಣಿ ದುಂಡಗೆ, ಆಳವಾಗಿರುತ್ತದೆ. ಬೀಸುಕಲ್ಲು ಗೂಟದ ಸುತ್ತ ತಿರುಗುತ್ತದೆ. ಅದರ ಸವೆತದ ಗೀರುಗಳು ವೃತ್ತಾಕಾರ, ನಡುವೆ ಗೂಟದ ತೂತು ಇದ್ದೇ ಇರುತ್ತದೆ. ನಮ್ಮ ಕಲ್ಲಿಗೆ ತೂತಿಲ್ಲ, ತಗ್ಗು ದುಂಡಗೂ ಇಲ್ಲ. ಉದ್ದಕ್ಕೆ ಬಾಗಿ ಕುದುರೆಯ ಜೀನಿನಂತಿದೆ. ಅಂದರೆ ಇದರ ಮೇಲೆ ಇನ್ನೊಂದು ಕಲ್ಲನ್ನು ಎರಡೂ ಕೈಯಿಂದ ಹಿಂದೆ ಮುಂದೆ ಉಜ್ಜಿದ್ದಾರೆ.

ಇದನ್ನು ಖಚಿತ ಮಾಡಿಕೊಳ್ಳಲು ಮೊಬೈಲ್ ಸಾಕು. ಕತ್ತಲಾದ ಮೇಲೆ ಟಾರ್ಚ್ ಹಾಕಿ, ಬೆಳಕನ್ನು ಮೇಲಿಂದ ಬಿಡದೆ ಕಲ್ಲಿನ ಪಕ್ಕದಿಂದ, ಮೈಗೆ ತಾಗುವಷ್ಟು ತಗ್ಗಿಸಿ ಬಿಡಿ. ಹಗಲಲ್ಲಿ ಕಾಣದ ಗೀರುಗಳು ನೆರಳಾಗಿ ಏಳುತ್ತವೆ. ನಮ್ಮ ಕಲ್ಲಿನಲ್ಲಿ ಅವು ಉದ್ದಕ್ಕೆ, ಒಂದರ ಪಕ್ಕ ಒಂದು ಸಾಲಾಗಿದ್ದವು. ನಡುವೆ ಅಲ್ಲಲ್ಲಿ ಮೊಂಡಾದ, ಅಗಲವಾದ ಚುಕ್ಕಿಗಳಿದ್ದವು. ಸವೆದು ನುಣುಪಾದ ಕಲ್ಲು ಕಾಳನ್ನು ಹಿಡಿಯದೆ ಜಾರಿಸುತ್ತದೆ. ಆಗ ಅದನ್ನು ಮತ್ತೆ ತರಿ ಮಾಡಬೇಕು. ಉಳಿಯಿಂದ ಕಚ್ಚು ಹಾಕಿದರೆ ಗುರುತು ಚೂಪಾಗಿರುತ್ತದೆ. ಗಟ್ಟಿ ಕಲ್ಲಿನಿಂದಲೇ ಕುಟ್ಟಿದರೆ ಹೀಗೆ ಮೊಂಡಾಗಿರುತ್ತದೆ.

ಇನ್ನು ಕಲ್ಲಿನ ಜಾತಿ. ರಾಣೆಬೆನ್ನೂರಿನ ಸುತ್ತ ಪದರು ಪದರಾಗಿ ಏಳುವ ಕಲ್ಲು ಬೇಕಾದಷ್ಟಿದೆ. ಅದರ ಮೇಲೆ ಅರೆದರೆ ಚಕ್ಕೆ ಎದ್ದು ಹಿಟ್ಟಿನಲ್ಲಿ ಮರಳು ಸೇರುತ್ತದೆ. ನಮ್ಮ ಕಲ್ಲು ಕಾಳುಕಾಳಾದ ಗ್ರಾನೈಟ್. ಅದರಲ್ಲಿ ಗಟ್ಟಿ ಹರಳೂ ಇದೆ, ಮೆತ್ತನೆಯದೂ ಇದೆ. ಒಂದು ಬೇಗ ಸವೆದು ಇನ್ನೊಂದು ಉಳಿಯುವುದರಿಂದ ಮೈ ತರಿಯಾಗಿಯೇ ಇರುತ್ತದೆ. ಪಕ್ಕದಲ್ಲಿ ಬಿದ್ದದ್ದನ್ನು ಎತ್ತಿಕೊಂಡಿಲ್ಲ, ಆರಿಸಿ ತಂದಿದ್ದಾರೆ.

ಮೂರೂ ಗುರುತು ಕೂಡಿಸಿದರೆ ಇದು ಕಾಳು ಅರೆದು ಹಿಟ್ಟು ಮಾಡುತ್ತಿದ್ದ, ಜೀನಿನಾಕಾರದ ಅರೆಕಲ್ಲು. ತಿರುಗುವ ಬೀಸುಕಲ್ಲು ನಮ್ಮ ದೇಶದಲ್ಲಿ ಬಳಕೆಗೆ ಬಂದದ್ದು ಸುಮಾರು 2000 ವರ್ಷಗಳ ಹಿಂದಿನ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಹಿಟ್ಟು ಆಗುತ್ತಿದ್ದದ್ದು ಇಂಥ ಕಲ್ಲಿನ ಮೇಲೆ. ದಕ್ಷಿಣ ಭಾರತದ ನವಶಿಲಾಯುಗದ ಊರುಗಳಲ್ಲಿ ಇವು ಸಾಮಾನ್ಯವಾಗಿ ಸಿಗುತ್ತವೆ. ಹುರಳಿ, ಹೆಸರು, ಕಿರುಧಾನ್ಯದ ಸುಟ್ಟ ಕಾಳುಗಳೂ ಸಿಕ್ಕಿವೆ. ಅಂಥದೊಂದು ಊರು ನಮ್ಮ ಜಿಲ್ಲೆಯಲ್ಲೇ ಇದೆ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ವಾಸದ ಪದರಗಳು ಒಂದರ ಮೇಲೊಂದು ಸಿಕ್ಕವು.

ಹಾಗೆಂದು ನಮ್ಮ ಕಲ್ಲು ಮೂರು ಸಾವಿರ ವರ್ಷ ಹಳೆಯದು ಎಂದು ಹೇಳುವಂತಿಲ್ಲ. ಸವೆತವು ಕೆಲಸವನ್ನು ಹೇಳುತ್ತದೆ, ವಯಸ್ಸನ್ನಲ್ಲ. ಮಸಾಲೆ ಅರೆಯುವ ಚಪ್ಪಟೆ ಕಲ್ಲು ಮೊನ್ನೆಮೊನ್ನೆಯವರೆಗೂ ಮನೆಯಲ್ಲಿತ್ತು, ಅದರ ಗೀರೂ ಉದ್ದಕ್ಕೇ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಉಳಿಯ ಚೂಪು ಗುರುತಿರುತ್ತದೆ, ತಗ್ಗು ಕಡಿಮೆ. ವಯಸ್ಸು ತಿಳಿಯುವುದು ಕಲ್ಲು ಮಣ್ಣಿನ ಯಾವ ಪದರದಲ್ಲಿತ್ತು, ಜೊತೆಗೆ ಎಂಥ ಮಡಕೆ ಚೂರು, ಬೂದಿ ಇತ್ತು ಎಂಬುದರಿಂದ. ನಾವು ನೋಡುವ ಹೊತ್ತಿಗೆ ಕಲ್ಲು ಬದುವಿಗೆ ಬಂದಿತ್ತು, ಎಲ್ಲಿಂದ ಎದ್ದಿತೆಂದು ಯಾರಿಗೂ ನೆನಪಿರಲಿಲ್ಲ. ಅದರ ಅರ್ಧ ಕಥೆ ಅಲ್ಲಿಗೇ ಹೋಯಿತು.

ಆದ್ದರಿಂದ ಇಂಥ ಕಲ್ಲು ನಿಮ್ಮ ನೇಗಿಲಿಗೋ ಜೆಸಿಬಿಗೋ ಸಿಕ್ಕರೆ, ಎತ್ತುವ ಮೊದಲು ಇದ್ದಲ್ಲೇ ಒಂದು ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ತೊಳೆಯಬೇಡಿ, ಉಜ್ಜಬೇಡಿ, ಅರೆದ ಕಾಳಿನ ಪಿಷ್ಟದ ಕಣ ಕಲ್ಲಿನ ಸಂದಿಯಲ್ಲಿ ಉಳಿದಿರಬಹುದು, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಕಾಳೆಂದು ಹೇಳುವವರಿದ್ದಾರೆ. ಸುತ್ತ ಮಡಕೆ ಚೂರು, ಬೂದಿಮಣ್ಣು ಕಂಡರೆ ಅಲ್ಲಿ ಅಗೆಯುವುದನ್ನು ನಿಲ್ಲಿಸಿ, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಪಾಯಕ್ಕೆ ಹಾಕಲು ಬೇರೆ ಕಲ್ಲು ಸಿಗುತ್ತದೆ.