ನಕಲಿ ಸೌಂದರ್ಯವರ್ಧಕ: ಬ್ಯಾಚ್ ಸಂಖ್ಯೆ ಏನು ಹೇಳುತ್ತದೆ?

ಬೆಂಗಳೂರು: ಉಪ್ಪಾರಪೇಟೆ, ಗಾಂಧಿನಗರ, ಚಿಕ್ಕಪೇಟೆಯ ಬೀದಿ ವ್ಯಾಪಾರಿಯ ಬಳಿಯಾಗಲಿ, ಆನ್‌ಲೈನ್ ಮಾರುಕಟ್ಟೆಯಲ್ಲಾಗಲಿ ಹೆಸರಾಂತ ಕಂಪನಿಯ ಕ್ರೀಮು ಅರ್ಧ ಬೆಲೆಗೆ ದೊರೆತರೆ ಅದರ ಅಸಲಿತನವನ್ನು ಪರಿಶೀಲಿಸುವುದು ಒಳಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ 15 ಪ್ರಕರಣಗಳು ಅದೇ ಕಾಯಿಲೆಯ ಒಂದು ವಿರಳ ರೂಪಕ್ಕೆ ಸೇರಿದ್ದವು. ಆ 15 ಮಂದಿಯಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದ್ದರು. ಇಂಥ ಕ್ರೀಮುಗಳಲ್ಲಿ ಬೆರೆಸುವ ಪಾದರಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಗ್ರಾಹಕರು ಓದಬಹುದಾದದ್ದು ಪೊಟ್ಟಣವನ್ನು ಮಾತ್ರ.

ಹೊರಪೆಟ್ಟಿಗೆ ಮತ್ತು ಒಳಡಬ್ಬಿ

ತಯಾರಕರ ಹೆಸರು, ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಅವಧಿ ಲೇಬಲ್ಲಿನಲ್ಲಿರಬೇಕು. ವಿದೇಶಿ ಸರಕಿನ ಮೇಲೆ ಆಮದುದಾರರ ಹೆಸರು, ವಿಳಾಸ ಹಾಗೂ ನೋಂದಣಿ ಸಂಖ್ಯೆ ಇರಬೇಕು.

ಮೊದಲು ಪೆಟ್ಟಿಗೆಯ ಬ್ಯಾಚ್ ಸಂಖ್ಯೆಯನ್ನು ಒಳಗಿನ ಡಬ್ಬಿಯದರೊಂದಿಗೆ ಹೋಲಿಸಬೇಕು. ಉದಾಹರಣೆಗೆ, 50 ಗ್ರಾಂ ಕ್ರೀಮಿನ ಪೆಟ್ಟಿಗೆಯ ಮೇಲೆ 4117 ಎಂದಿದ್ದು ಡಬ್ಬಿಯ ತಳದಲ್ಲಿ 4093 ಎಂದಿದ್ದರೆ, ಅಥವಾ ಎರಡರ ತಯಾರಿಕಾ ದಿನಾಂಕಗಳು ಬೇರೆಯಾಗಿದ್ದರೆ, ಒಳಗಿನ ಸರಕು ಆ ಪೆಟ್ಟಿಗೆಯದಲ್ಲವೆಂದು ಶಂಕಿಸಬೇಕು. ಹಲವು ಬಣ್ಣಗಳ ಲಿಪ್‌ಸ್ಟಿಕ್‌ಗಳಿಗೆಲ್ಲ ಒಂದೇ ಸಂಖ್ಯೆ ಇದ್ದರೂ ಎಚ್ಚರ ಬೇಕು. ಸಾಮಾನ್ಯವಾಗಿ ಪ್ರತಿ ಬಣ್ಣವೂ ಪ್ರತ್ಯೇಕ ಬ್ಯಾಚಿನಲ್ಲಿ ತಯಾರಾಗುತ್ತದೆ.

ಆದರೆ ಬ್ಯಾಚ್ ಸಂಖ್ಯೆ ಇಲ್ಲದ್ದೆಲ್ಲ ನಕಲಿಯಲ್ಲ. 10 ಗ್ರಾಂಗೆ ಮೀರದ ಘನ ವಸ್ತುಗಳಿಗೂ 25 ಮಿಲಿಲೀಟರ್‌ಗೆ ಮೀರದ ದ್ರವಗಳಿಗೂ ನಿಯಮದಲ್ಲಿ ವಿನಾಯಿತಿ ಇದೆ. ಕಾಡಿಗೆ, ಲಿಪ್‌ಸ್ಟಿಕ್ ಈ ಗುಂಪಿನವು.

ಸಂಖ್ಯೆ ಸರಿಯಿದ್ದರೂ ಸಾಲದು

ಅಸಲಿ ಡಬ್ಬಿಯ ಸಂಖ್ಯೆಯನ್ನೇ ನಕಲು ಮಾಡಬಹುದು. ಖಾಲಿ ಅಸಲಿ ಡಬ್ಬಿಯನ್ನೇ ಮರಳಿ ತುಂಬಬಹುದು. ಬ್ಯಾಚ್ ಸಂಖ್ಯೆಯಿಂದ ದಿನಾಂಕ ತಿಳಿಸುವ ಜಾಲತಾಣಗಳು ಸಂಖ್ಯೆಯನ್ನು ಬಿಡಿಸಿ ಹೇಳುತ್ತವೆಯೇ ಹೊರತು ಸರಕಿಗೆ ಖಾತರಿ ನೀಡುವುದಿಲ್ಲ. ಸಂದೇಹವಿದ್ದರೆ ಸಂಖ್ಯೆಯ ಚಿತ್ರವನ್ನು ತಯಾರಕರ ಗ್ರಾಹಕ ಸೇವೆಗೆ ಕಳುಹಿಸಿ ಕೇಳಬಹುದು. ಬಳಸಿದ ಡಬ್ಬಿಗಳನ್ನು ಲೇಬಲ್ ಹರಿದು ಎಸೆಯುವುದು ಲೇಸು.

ಮಾರಾಟಗಾರ ಯಾರು?

ಆನ್‌ಲೈನ್ ಮಾರುಕಟ್ಟೆಯ ಹೆಸರೇ ಮಾರಾಟಗಾರನ ಹೆಸರಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು, ವಿಳಾಸ ಪ್ರಕಟವಾಗಿರಬೇಕು. ಆ ಹೆಸರು ಬ್ರಾಂಡಿನ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಹಣ ಪಾವತಿಸಬೇಕು. ಬೀದಿಯಲ್ಲಿ ಕೊಂಡದ್ದಕ್ಕೆ ರಸೀದಿ ಸಿಗದಿದ್ದರೆ ಮುಂದೆ ದೂರಿಗೆ ಆಧಾರವೇ ಇರುವುದಿಲ್ಲ.

ದೂರು ಎಲ್ಲಿಗೆ?

ಪೆಟ್ಟಿಗೆ, ಡಬ್ಬಿ, ರಸೀದಿಗಳನ್ನು ಎಸೆಯದೆ ಔಷಧ ನಿರೀಕ್ಷಕರಿಗೆ ದೂರು ಕೊಡಬಹುದು. ಹಣ ಮರಳಿ ಪಡೆಯಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ 26ನೇ ಕಲಮಿನಂತೆ, ನಿಗದಿತ ಶುಲ್ಕ ಕಟ್ಟಿ ತಾವು ಕೊಂಡ ಸರಕನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ. ನಕಲಿ ಸೌಂದರ್ಯವರ್ಧಕ ತಯಾರಿಸಿ ಮಾರುವವರಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು.