ಬ್ಯಾಂಕಿನ ಪುಸ್ತಿಕೆಗಳಲ್ಲಿ ಮುರಾಬಹಾ: ಒಂದು ವ್ಯಾಪಾರಪದದ ಚರಿತ್ರೆ

1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕು ಸ್ಥಾಪಿತವಾದ ಮೇಲೆ ಕೊಲ್ಲಿಯ ದೇಶಗಳಲ್ಲಿಯೂ ಅವುಗಳ ಹೊರಗೂ ಬೆಳೆದುಬಂದ ಇಸ್ಲಾಮೀ ಬ್ಯಾಂಕುಗಳು ಗಿರಾಕಿಗಳ ಕೈಗೆ ಕೊಡುವ ಪರಿಚಯ ಪುಸ್ತಿಕೆಗಳಲ್ಲಿ ಕೆಲವು ಅರಬ್ಬೀ ಪದಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ರಿಬಾ ಎಂದರೆ ಬಡ್ಡಿ, ಮುರಾಬಹಾ ಎಂದರೆ ಅಸಲು ಬೆಲೆಯ ಮೇಲೆ ಲಾಭವಿಟ್ಟು ಮಾರುವುದು, ಸುಕೂಕ್ ಎಂದರೆ ಇಸ್ಲಾಮೀ ಸಾಲಪತ್ರ ಎಂದು ಒಂದೊಂದು ಸಾಲಿನಲ್ಲಿ ಅರ್ಥ ಹೇಳಿ ಪುಸ್ತಿಕೆ ಮುಂದೆ ಸಾಗುತ್ತದೆ. ಈ ಅರ್ಥಗಳಲ್ಲಿ ಯಾವುದನ್ನೂ ಪೂರ್ಣವಾಗಿ ಸುಳ್ಳೆನ್ನುವಂತಿಲ್ಲ. ಆದರೆ ಪದವು ಹಿಂದೆ ಹೊತ್ತಿದ್ದ ಒಂದು ಷರತ್ತು ಅರ್ಥವಿವರಣೆಯಲ್ಲಿ ಬಿಟ್ಟುಹೋಗಿರುವುದನ್ನು ಮೂರು ಕಡೆಗಳಲ್ಲಿಯೂ ನಾವು ಕಾಣುತ್ತೇವೆ. ಪ್ರಕೃತ ಲೇಖನದಲ್ಲಿ ಮುರಾಬಹಾ ಪದವನ್ನೇ ಮುಖ್ಯವಾಗಿಟ್ಟುಕೊಂಡು, ಉಳಿದೆರಡನ್ನು ಅದಕ್ಕೆ ಪೋಷಕವಾಗುವಷ್ಟರಮಟ್ಟಿಗೆ ಪರಿಶೀಲಿಸಲುದ್ದೇಶಿಸಿದ್ದೇವೆ.

ಮೊದಲು ಒಂದು ಎಚ್ಚರಿಕೆಯ ಮಾತು. ಕನ್ನಡ ಲಿಪಿಯಲ್ಲಿ ರಿಬಾ, ಮುರಾಬಹಾ ಎಂದು ಬರೆದಾಗ ಎರಡೂ ಒಂದೇ ಧಾತುವಿನಿಂದ ಹುಟ್ಟಿದವೆಂಬ ಭ್ರಮೆ ಸಹಜವಾಗಿ ಉಂಟಾಗುತ್ತದೆ. ವಾಸ್ತವವಾಗಿ ಅವು ಬೇರೆ ಬೇರೆ ಧಾತುಗಳ ಪದಗಳು. ಮುರಾಬಹಾ ಪದವು ಲಾಭವೆಂಬರ್ಥದ ರಿಬ್ಹ್ ಎಂಬುದರ ಬಳಗಕ್ಕೆ ಸೇರಿದ್ದು. ಅದರ ಕೊನೆಯ ವ್ಯಂಜನ ಹಕಾರ. ರಿಬಾ ಪದದ ಮೂಲದಲ್ಲಿರುವ ಕೊನೆಯ ವ್ಯಂಜನ ವಕಾರ. ಅದರ ಅರ್ಥ ಹೆಚ್ಚಳ, ವೃದ್ಧಿ. ನಮ್ಮ ಬಡ್ಡಿ ಎಂಬ ಮಾತು ಕೂಡ ಸಂಸ್ಕೃತದ ವೃದ್ಧಿಯಿಂದಲೇ ಬಂದ ತದ್ಭವವಾದ್ದರಿಂದ, ಕನ್ನಡದಲ್ಲಿ ರಿಬಾ ಎಂಬುದಕ್ಕೆ ಬಡ್ಡಿಯೆಂದು ಅರ್ಥ ಹೇಳುವುದು ಇಂಗ್ಲಿಷಿನ ಸಮಾನಪದಕ್ಕಿಂತ ಮೂಲಕ್ಕೆ ಹತ್ತಿರವಾಗುತ್ತದೆ. ಆದರೂ ರಿಬಾದ ವ್ಯಾಪ್ತಿ ಬಡ್ಡಿಗಿಂತ ದೊಡ್ಡದು. ವಾಯಿದೆ ಬಂದಾಗ ತೀರಿಸಲಾರದ ಸಾಲಗಾರನಿಗೆ ಸಮಯ ಕೊಟ್ಟು ಸಾಲದ ಮೊತ್ತವನ್ನು ಏರಿಸುತ್ತಿದ್ದ ಅರಬರ ಹಳೆಯ ಪದ್ಧತಿ ಅದರಲ್ಲಿ ಒಂದು ಬಗೆ. ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು ಇವುಗಳನ್ನು ಅದೇ ಜಾತಿಯ ವಸ್ತುವಿಗೆ ಹೆಚ್ಚುಕಡಮೆ ಅಳತೆಯಲ್ಲಾಗಲಿ ತಡಮಾಡಿಯಾಗಲಿ ವಿನಿಮಯ ಮಾಡುವುದು, ಹದೀಸಿನ ಪ್ರಕಾರ, ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ ಸಾಲವೇ ಇಲ್ಲದೆಯೂ ರಿಬಾ ಉಂಟಾಗಬಹುದೆಂಬುದು ಗಮನಾರ್ಹ.

ಇನ್ನು ಮುರಾಬಹಾ. ಹನ್ನೆರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಬುರ್ಹಾನುದ್ದೀನ್ ಮರ್ಗೀನಾನಿಯ ಹಿದಾಯಾ ಗ್ರಂಥವು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕ ಭಾರತದ ನ್ಯಾಯಾಲಯಗಳಲ್ಲಿಯೂ ಬಹುಕಾಲ ಬಳಕೆಯಲ್ಲಿತ್ತು. ಅದರಲ್ಲಿ ಮುರಾಬಹಾಕ್ಕೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಅಲ್ಲಿ ಸಾಲದ ಪ್ರಸ್ತಾಪ ಮುಖ್ಯವಲ್ಲ. ನಂಬಿಕೆಯ ಪ್ರಸ್ತಾಪ ಮುಖ್ಯ. ಸರಕಿನ ಬೆಲೆ ತಿಳಿಯದವನು ತಿಳಿದ ವ್ಯಾಪಾರಿಯನ್ನು ನಂಬಿ, ಅವನಿಗೆ ಬಿದ್ದ ಬೆಲೆಯ ಮೇಲೆ ಗೊತ್ತಾದ ಲಾಭವನ್ನು ಕೊಟ್ಟು ಕೊಳ್ಳುತ್ತಾನೆ. ಆದಕಾರಣ ಮಾರುವವನು ತನ್ನ ಅಸಲನ್ನು ಮರೆಮಾಡುವಂತಿಲ್ಲ. ಬಟ್ಟೆಯನ್ನು ಒಗೆಸಿದ, ಬಣ್ಣ ಹಾಕಿಸಿದ, ಧಾನ್ಯವನ್ನು ಹೊರಿಸಿದ ಕೂಲಿಯನ್ನು ಅವನು ಅಸಲಿಗೆ ಸೇರಿಸಬಹುದು. ಆದರೆ ಹಾಗೆ ಸೇರಿಸಿದ ಮೇಲೆ 'ಇಷ್ಟಕ್ಕೆ ಕೊಂಡೆ' ಎನ್ನಬಾರದು, 'ನನಗೆ ಇಷ್ಟು ಬಿತ್ತು' ಎನ್ನಬೇಕು. ಮೊದಲನೆಯ ಮಾತು ಸುಳ್ಳಾಗುತ್ತದೆ, ಎರಡನೆಯದು ಆಗುವುದಿಲ್ಲ. ನಮ್ಮ ಸಂತೆಯ ವ್ಯಾಪಾರಿಗಳಿಗೂ ಈ ಎರಡು ಮಾತುಗಳ ಅಂತರ ಚೆನ್ನಾಗಿ ಗೊತ್ತು.

ಅದೇ ಅಧ್ಯಾಯದಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ನಿಯಮವಿದೆ. ಸಾವಿರ ದಿರ್ಹಮಿಗೆ ಉದ್ದರಿಯಾಗಿ ಕೊಂಡುದನ್ನು, ಉದ್ದರಿಯ ಸಂಗತಿಯನ್ನು ತಿಳಿಸದೆ, ನೂರು ದಿರ್ಹಮ್ ಲಾಭಕ್ಕೆ ಮಾರಿದರೆ, ಅದು ತಿಳಿದುಬಂದಾಗ ಕೊಂಡವನು ವ್ಯಾಪಾರವನ್ನು ಮುರಿಯಬಹುದು. ಏಕೆಂದರೆ ಉದ್ದರಿಯ ಬೆಲೆಯಲ್ಲಿ ಕಾಲಾವಕಾಶದ ಪಾಲೂ ಸೇರಿರುತ್ತದೆ. ಇದರಿಂದ ಹಳೆಯ ಶಾಸ್ತ್ರಕಾರರು ಕಾಲಕ್ಕೆ ಬೆಲೆಯೇ ಇಲ್ಲವೆಂದು ಭಾವಿಸಿದ್ದರೆಂಬ ರೂಢಿಯ ಹೇಳಿಕೆ ನಿಲ್ಲುವುದಿಲ್ಲವೆಂದು ತಿಳಿದುಬರುತ್ತದೆ. ಸರಕಿನ ಬೆಲೆಯೊಳಗೆ ಕಾಲವು ಸೇರಿಕೊಳ್ಳಬಹುದು, ಹಣದ ಸಾಲದ ಮೇಲೆ ಅದು ಪ್ರತ್ಯೇಕವಾಗಿ ಬೆಳೆಯಕೂಡದು ಎಂಬುದು ಅವರ ನಿಲುವು. ಹೀಗಿರಲು ಸರಕು ನಿಜವಾಗಿ ಮಾರುವವನ ಕೈಗೆ ಬಂದಿತ್ತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಲ್ಲುತ್ತದೆ.

ಈ ಮಾರಾಟವು ಬ್ಯಾಂಕಿನ ವ್ಯವಹಾರವಾದುದು ಈಚಿನ ಸಂಗತಿ. ಜೋರ್ಡಾನಿನ ಸಾಮಿ ಹಸನ್ ಹಮೂದ್ ಎಂಬ ವಿದ್ವಾಂಸರು 1976ರಲ್ಲಿ ಕೈರೋದಲ್ಲಿ ಸಿದ್ಧಪಡಿಸಿದ ಪ್ರಬಂಧದಲ್ಲಿ 'ಕೊಳ್ಳಲು ಹೇಳಿದವನಿಗೆ ಮುರಾಬಹಾ' ಎಂಬ ಹೊಸ ರೂಪವನ್ನು ಸೂಚಿಸಿದರು. ಅವರಿಗೆ ಆಧಾರವಾದುದು 820ರಲ್ಲಿ ಕಾಲವಾದ ಇಮಾಂ ಶಾಫಿಯ ಒಂದು ಮಾತು. ಒಬ್ಬನು ಇನ್ನೊಬ್ಬನಿಗೆ ಸರಕನ್ನು ತೋರಿಸಿ, ಇದನ್ನು ನೀನು ಕೊಂಡರೆ ನಾನು ನಿನಗೆ ಲಾಭ ಕೊಟ್ಟು ಕೊಳ್ಳುವೆನೆಂದು ಹೇಳಿದರೆ ಮೊದಲ ಖರೀದಿ ಸಿಂಧುವೆಂದು ಶಾಫಿ ಒಪ್ಪಿದ್ದನು. ಆದರೆ ಆ ಮಾತು ಇಬ್ಬರನ್ನೂ ಕಟ್ಟಿಹಾಕಕೂಡದು. ಕೊಳ್ಳುವೆನೆಂದವನು ಆಮೇಲೆ ಬೇಡವೆನ್ನಲು ಸ್ವತಂತ್ರನಾಗಿರಬೇಕೆಂಬುದು ಅವನ ಷರತ್ತು. ಬ್ಯಾಂಕಿಗಾದರೋ ಈ ಸ್ವಾತಂತ್ರ್ಯ ಒಪ್ಪಿತವಾಗಲಿಲ್ಲ. ಗಿರಾಕಿ ಹಿಂಜರಿದರೆ ಸರಕು ಬ್ಯಾಂಕಿನ ತಲೆಯ ಮೇಲೆ ಉಳಿಯುತ್ತದೆ. ಆದುದರಿಂದ ವಾಗ್ದಾನವು ಬಂಧಕವೆಂಬ ಅಭಿಪ್ರಾಯವನ್ನು ಬೇರೆಡೆಯಿಂದ ತಂದು ಶಾಫಿಯ ಮಾತಿಗೆ ಜೋಡಿಸಲಾಯಿತು. ಈ ಜೋಡಣೆಯೇ ಆಧುನಿಕ ಮುರಾಬಹಾದ ನಿಜವಾದ ಹುಟ್ಟೆಂದು ನಾವು ಭಾವಿಸುತ್ತೇವೆ. 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಒಂದೇ ಕಡೆಯ ವಾಗ್ದಾನ ಬಂಧಕವಾಗಬಹುದೆಂದೂ ಎರಡೂ ಕಡೆ ಬಂಧಕವಾದರೆ ಅದು ಕೈಯಲ್ಲಿಲ್ಲದುದನ್ನು ಮಾರಿದಂತೆಯೇ ಆಗುವುದೆಂದೂ ಗೆರೆ ಎಳೆಯಿತು.

ಪುಸ್ತಿಕೆಗಳು ಕೊಡುವ ಮಾದರಿಯಲ್ಲಿಯೇ ಒಂದು ಲೆಕ್ಕವನ್ನು ಮಾಡಿ ನೋಡೋಣ. ಅಂಗಡಿಯಲ್ಲಿ 60,000 ದಿರ್ಹಮ್ ಬೆಲೆಯ ಕಾರನ್ನು ಗಿರಾಕಿ ಆರಿಸುತ್ತಾನೆ. ಬೆಲೆಪಟ್ಟಿ ಬ್ಯಾಂಕಿನ ಹೆಸರಿಗೆ ಬರುತ್ತದೆ. ಗಿರಾಕಿ ಕೊಳ್ಳುವೆನೆಂಬ ವಾಗ್ದಾನಕ್ಕೆ ಸಹಿಹಾಕುತ್ತಾನೆ. ಬ್ಯಾಂಕು ಕಾರನ್ನು ಕೊಂಡು 72,000 ದಿರ್ಹಮಿಗೆ ಅವನಿಗೆ ಮಾರುತ್ತದೆ. ಅವನು ತಿಂಗಳಿಗೆ 1,500ರಂತೆ 48 ಕಂತುಗಳಲ್ಲಿ ತೀರಿಸುತ್ತಾನೆ. ಪುಸ್ತಿಕೆ ಇದನ್ನು ವರ್ಷಕ್ಕೆ ಶೇಕಡ 5ರ ಲಾಭವೆನ್ನುತ್ತದೆ. ಆದರೆ ಕಂತು ಕಂತಾಗಿ ಬಾಕಿ ಇಳಿಯುತ್ತಿದ್ದರೂ ಲಾಭವನ್ನು ನಾಲ್ಕು ವರ್ಷವೂ ಪೂರ್ಣ 60,000ದ ಮೇಲೆಯೇ ಎಣಿಸಿರುವುದರಿಂದ, ಇಳಿಯುವ ಬಾಕಿಯ ಮೇಲೆ ಲೆಕ್ಕಹಾಕಿದರೆ ಇದು ಶೇಕಡ 9ನ್ನು ಮೀರುತ್ತದೆ. ಬಡ್ಡಿಯ ಬ್ಯಾಂಕುಗಳೂ ಇದೇ ಚಮತ್ಕಾರವನ್ನು ಬಲ್ಲವು. ದೋಷವನ್ನು ಒಂದೇ ಪಕ್ಷಕ್ಕೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಸಾಲಕ್ಕೂ ಇದಕ್ಕೂ ಅಂತರವೇನು? ಎರಡು ಅಂತರಗಳಿವೆ. ಒಮ್ಮೆ ನಿಶ್ಚಯವಾದ 72,000 ಮತ್ತೆ ಏರುವಂತಿಲ್ಲ. ಕಂತು ತಡವಾದರೆ ವಸೂಲಾಗುವ ದಂಡವು ಬ್ಯಾಂಕಿನ ಲಾಭಕ್ಕೆ ಸೇರದೆ ದಾನಧರ್ಮಕ್ಕೆ ಹೋಗಬೇಕು. ಇದು ಬರಿಯ ಹೆಸರಿನ ಅಂತರವಲ್ಲ. ಮೇಲೆ ಹೇಳಿದ ಹಳೆಯ ರಿಬಾವನ್ನು ನೇರವಾಗಿ ತಡೆಯುವ ನಿಯಮವಿದು. ಎರಡನೆಯದಾಗಿ, ಮೊದಲ ಕ್ರಯಕ್ಕೂ ಎರಡನೆಯ ಕ್ರಯಕ್ಕೂ ನಡುವೆ ಕಾರು ಸುಟ್ಟುಹೋದರೆ ನಷ್ಟ ಬ್ಯಾಂಕಿನದು. ಆದರೆ ಅನೇಕ ಸಂದರ್ಭಗಳಲ್ಲಿ ಬ್ಯಾಂಕು ಗಿರಾಕಿಯನ್ನೇ ತನ್ನ ಪ್ರತಿನಿಧಿಯಾಗಿ ನೇಮಿಸಿ ಅವನಿಂದಲೇ ಸರಕನ್ನು ಕೊಳ್ಳಿಸುವುದರಿಂದ ಈ ನಡುವಿನ ಅವಧಿ ಕೆಲವು ನಿಮಿಷಗಳಿಗೆ ಕುಗ್ಗುತ್ತದೆ, ಕೆಲವೊಮ್ಮೆ ಇಲ್ಲವೇ ಆಗುತ್ತದೆ. ಇದನ್ನು ಪತ್ತೆಹಚ್ಚಲು ಪುಸ್ತಿಕೆ ಸಾಲದು, ಕಾಗದಪತ್ರಗಳ ತಾರೀಖುಗಳನ್ನು ನೋಡಬೇಕು. ಗಿರಾಕಿಗೆ ಮಾಡಿದ ಕ್ರಯಪತ್ರವು ಅಂಗಡಿಯ ರಶೀತಿಗಿಂತ ಮೊದಲಿನ ದಿನದ್ದಾಗಿದ್ದರೆ, ಹಣವು ಅಂಗಡಿಗೆ ಹೋಗದೆ ಗಿರಾಕಿಯ ಖಾತೆಗೇ ಬಂದಿದ್ದರೆ, ಅಥವಾ ಸರಕು ಮೊದಲೇ ಖರ್ಚಾಗಿಹೋಗಿದ್ದರೆ, ಅಲ್ಲಿ ನಡೆದುದು ಮಾರಾಟವಲ್ಲ.

ಇಂಥ ವಾದವೊಂದು ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತ್ತು. ಬಹರೇನಿನ ಶಾಮಿಲ್ ಬ್ಯಾಂಕಿನಿಂದ ಮುರಾಬಹಾ ಕರಾರುಗಳ ಮೇಲೆ ಹಣ ಪಡೆದಿದ್ದ ಬಾಂಗ್ಲಾದೇಶದ ಬೆಕ್ಸಿಮ್ಕೊ ಕಂಪನಿಗಳು, ಬಾಕಿ ಕೇಳಿದಾಗ, ಇವು ಮುರಾಬಹಾವೇ ಅಲ್ಲ, ವೇಷ ಮರೆಸಿದ ಬಡ್ಡಿಸಾಲಗಳು, ಆದಕಾರಣ ಅಸಿಂಧು ಎಂದು ವಾದಿಸಿದವು. ಕರಾರಿನಲ್ಲಿ ಷರೀಅತ್ತಿನ ತತ್ತ್ವಗಳಿಗೊಳಪಟ್ಟು ಇಂಗ್ಲೆಂಡಿನ ಕಾನೂನು ಅನ್ವಯಿಸತಕ್ಕದ್ದೆಂದಿತ್ತು. 2004ರಲ್ಲಿ ಅಪೀಲು ನ್ಯಾಯಾಲಯವು ಒಂದು ಕರಾರನ್ನು ಎರಡು ಕಾನೂನುಗಳು ಆಳಲಾರವೆಂದು ಹೇಳಿ, ಇಂಗ್ಲಿಷ್ ಕಾನೂನಿನಂತೆ ಬ್ಯಾಂಕಿನ ಪರವಾಗಿ ತೀರ್ಪಿತ್ತಿತು. ಕರಾರು ಮುರಾಬಹಾವೋ ಅಲ್ಲವೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಸುಕೂಕ್ ಪದದ ಚರಿತ್ರೆಯೂ ಈ ಸ್ವಾಧೀನದ ಪ್ರಶ್ನೆಗೇ ನಮ್ಮನ್ನು ತಂದು ನಿಲ್ಲಿಸುತ್ತದೆ. ಸಕ್ಕ್ ಎಂದರೆ ಬರೆದುಕೊಟ್ಟ ಚೀಟಿ. ಸುಕೂಕ್ ಅದರ ಬಹುವಚನ. ಏಳನೆಯ ಶತಮಾನದಲ್ಲಿ ಮರ್ವಾನನು ಮದೀನದ ಅಧಿಕಾರಿಯಾಗಿದ್ದಾಗ, ಕೆಂಪುಸಮುದ್ರದ ಜಾರ್ ಬಂದರಿನ ಧಾನ್ಯವನ್ನು ಪಡೆಯಲು ಜನರಿಗೆ ಇಂಥ ಚೀಟಿಗಳನ್ನು ಹಂಚಲಾಗಿತ್ತು. ಜನರು ಧಾನ್ಯ ಕೈಸೇರುವ ಮೊದಲೇ ಚೀಟಿಗಳನ್ನು ಕೈಯಿಂದ ಕೈಗೆ ಮಾರತೊಡಗಿದರು. ಪ್ರವಾದಿಯ ಸಂಗಾತಿ ಜೈದ್ ಇಬ್ನ್ ಸಾಬಿತ್ ಮತ್ತೊಬ್ಬರೊಡನೆ ಹೋಗಿ, ರಿಬಾವನ್ನು ಸಕ್ರಮಗೊಳಿಸುತ್ತಿರುವೆಯಾ ಎಂದು ಮರ್ವಾನನನ್ನು ಕೇಳಿದರೆಂದೂ, ಒಡನೆಯೇ ಅವನು ಕಾವಲುಗಾರರನ್ನು ಕಳುಹಿಸಿ ಚೀಟಿಗಳನ್ನು ಹಿಂತೆಗೆಸಿದನೆಂದೂ ಇಮಾಂ ಮಾಲಿಕನ ಮುವತ್ತಾ ತಿಳಿಸುತ್ತದೆ. ಇಂದಿನ ಪುಸ್ತಿಕೆಗಳಲ್ಲಿ ಗೌರವದಿಂದ ಕಾಣಿಸಿಕೊಳ್ಳುವ ಪದವು ಚರಿತ್ರೆಯಲ್ಲಿ ಹೀಗೆ ಒಂದು ಜಪ್ತಿಯ ಪ್ರಸಂಗದಲ್ಲಿ ಕಾಣಿಸಿಕೊಂಡಿರುವುದು ವಿನೋದಕರ. ಇಂದಿನ ಸುಕೂಕ್ ಒಂದು ಆಸ್ತಿಯಲ್ಲಿನ ಪಾಲಿನ ಪತ್ರವೆಂದು ಹೇಳಲಾಗುತ್ತದೆ. ಆದರೆ ಅವಧಿಯ ಕೊನೆಯಲ್ಲಿ ಅದೇ ಮುಖಬೆಲೆಗೆ ಪಾಲನ್ನು ಮರಳಿ ಕೊಳ್ಳುವೆವೆಂದು ಮೊದಲೇ ಮಾತುಕೊಟ್ಟರೆ ಆಸ್ತಿಯ ಏರಿಳಿತ ಪಾಲುದಾರನನ್ನು ಮುಟ್ಟುವುದಿಲ್ಲ. ಪಾಕಿಸ್ತಾನದ ಮುಫ್ತಿ ತಕೀ ಉಸ್ಮಾನಿ 2007ರಲ್ಲಿ ಎತ್ತಿದ ಆಕ್ಷೇಪ ಮುಖ್ಯವಾಗಿ ಇದೇ ಆಗಿತ್ತು.

ಕರಾವಳಿಯಿಂದ ಕೊಲ್ಲಿಗೆ ದುಡಿಯಲು ಹೋದ ಕನ್ನಡನಾಡಿನವರಿಗೆ ಈ ಪುಸ್ತಿಕೆಗಳು ಅಪರಿಚಿತವಲ್ಲ. ಊರಿನ ಬ್ಯಾಂಕುಗಳಲ್ಲಿ ಮಾತ್ರ ಅವು ದೊರೆಯುವುದಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೆಯ ಪ್ರಕರಣವು, ತನ್ನಲ್ಲಿರುವ ಆಧಾರವನ್ನು ವಸೂಲುಮಾಡಿಕೊಳ್ಳುವಂಥ ಕೆಲವು ಸಂದರ್ಭಗಳ ಹೊರತು, ಬ್ಯಾಂಕು ಸರಕುಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿದೆ. ಇಂಗ್ಲೆಂಡಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಮುರಾಬಹಾದ ಮೂಲಕ ಮನೆ ಕೊಂಡವರ ವ್ಯವಹಾರದಲ್ಲಿ ಕ್ರಯ ಎರಡಾದುದರಿಂದ ಮುದ್ರಾಂಕ ಸುಂಕವೂ ಎರಡು ಸಲ ಬೀಳುತ್ತಿತ್ತು. 2003ರ ಹಣಕಾಸಿನ ಕಾಯಿದೆ ಇದನ್ನು ತಪ್ಪಿಸಿತು. ಭಾರತದ ಕಾನೂನು ಮುರಾಬಹಾವನ್ನು ಅದರ ಹಳೆಯ ಅರ್ಥದಲ್ಲಿ ವ್ಯಾಪಾರವೆಂದೇ ಎಣಿಸಿ ಬ್ಯಾಂಕಿಗೆ ಬಾಗಿಲು ಮುಚ್ಚಿದರೆ, ಇಂಗ್ಲೆಂಡಿನ ಕಾನೂನು ಎರಡು ಕ್ರಯಗಳನ್ನು ತೆರಿಗೆಯ ಮಟ್ಟಿಗೆ ಒಂದಾಗಿ ಎಣಿಸಿ ಬಾಗಿಲು ತೆರೆಯಿತು.