ಹಂಚಿದ ಮಾತ್ರೆಯ ಲೆಕ್ಕ ಬೇಡ, ನುಂಗಿದ ಮಾತ್ರೆಯ ಲೆಕ್ಕ ಕೊಡಿ

ಹದಿಹರೆಯದ ಹೆಣ್ಣುಮಕ್ಕಳ ರಕ್ತಹೀನತೆಗೆ ನಮ್ಮಲ್ಲಿ ಯೋಜನೆಯ ಕೊರತೆ ಇಲ್ಲ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ದಶಕ ಕಳೆದಿದೆ. 2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಬಂತು. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಕಂಡುಬಂತು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 54 ಇತ್ತು.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇಲ್ಲಿ ಮೊದಲು ಹುಟ್ಟುವ ಪ್ರಶ್ನೆ: ನಾವು ಅಳೆಯುತ್ತಿರುವುದು ಏನನ್ನು? ಶಾಲಾ ಆರೋಗ್ಯ ಕಾರ್ಯಕ್ರಮ ರೂಪಿಸುವವರು ಅಳತೆಯನ್ನು ಕೊನೆಗೆ ಬಿಟ್ಟರೆ ಉಳಿಯುವುದು ಸ್ಟಾಕ್ ರಿಜಿಸ್ಟರ್ ಮಾತ್ರ.

ಸೋಮವಾರದ ನೀಲಿ ಮಾತ್ರೆ

ಕ್ರಮ ಸರಳ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜೊತೆಗೆ ವರ್ಷಕ್ಕೆ ಎರಡು ಬಾರಿ 400 ಮಿಲಿಗ್ರಾಂ ಆಲ್ಬೆಂಡಜೋಲ್, ಅಂದ್ರೆ ಜಂತುಹುಳದ ಮಾತ್ರೆ. ನೀಲಿ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಕರಿಕೆ ಬರುತ್ತೆ. ಒಬ್ಬಳು ವಾಂತಿ ಮಾಡಿಕೊಂಡರೆ ಮುಂದಿನ ವಾರ ಇಡೀ ತರಗತಿ ಬೇಡ ಅನ್ನುತ್ತೆ. ಹಾಗಾಗಿ ಬಿಸಿಯೂಟ ಆದಮೇಲೆ, ಶಿಕ್ಷಕಿಯ ಎದುರಿಗೇ ನುಂಗಿಸಬೇಕು. ಶಿಕ್ಷಕಿಯೂ ಮಕ್ಕಳ ಮುಂದೆ ಒಂದು ನುಂಗಿದರೆ ಅರ್ಧ ಅನುಮಾನ ಕಳೆಯುತ್ತೆ. ಮಲ ಕಪ್ಪಾಗಬಹುದು, ಹೆದರಬೇಕಿಲ್ಲ ಅಂತ ಮೊದಲೇ ಹೇಳಿಬಿಡಬೇಕು.

ಲೆಕ್ಕ ತಪ್ಪುವುದು ಇಲ್ಲಿಂದ ಮುಂದೆ. ಒಂದು ಊಹೆಯ ಪ್ರೌಢಶಾಲೆ ತೆಗೆದುಕೊಳ್ಳೋಣ. 8ರಿಂದ 10ನೇ ತರಗತಿಯಲ್ಲಿ 120 ಹುಡುಗಿಯರು. ದಸರಾ, ಬೇಸಿಗೆ ರಜೆ ಕಳೆದು 40 ಸೋಮವಾರ ಸಿಕ್ಕವು ಅಂತಿಟ್ಟುಕೊಳ್ಳಿ. ಬೇಕಾದ ಮಾತ್ರೆ 4,800. ರಿಜಿಸ್ಟರಿನಲ್ಲಿ 4,600 ಹಂಚಿಕೆಯಾಗಿದೆ, ಅಂದ್ರೆ ಶೇ 96. ಆದರೆ 40 ಹುಡುಗಿಯರು ತಲಾ 38 ನುಂಗಿದ್ದಾರೆ, ಇನ್ನು 40 ಮಂದಿ ತಲಾ 20, ಉಳಿದ 40 ಮಂದಿ ತಲಾ 5. ಒಟ್ಟು 2,520. ಉಳಿದ 2,080 ಬ್ಯಾಗಿನಲ್ಲಿ ಮನೆಗೆ ಹೋದವು ಅಥವಾ ಕಿಟಕಿಯಾಚೆ ಬಿದ್ದವು.

ಶೇ 96 ಅನ್ನುವ ವರದಿ ಸುಳ್ಳಲ್ಲ, ಆದರೆ ಪ್ರಯೋಜನಕ್ಕಿಲ್ಲ. 'ಸರಾಸರಿ ಶೇ 53 ಸೇವನೆ' ಅಂದರೂ ಮೂರನೇ ಒಂದು ಪಾಲು ಹುಡುಗಿಯರು ಹೆಚ್ಚುಕಡಿಮೆ ಏನನ್ನೂ ನುಂಗಿಲ್ಲ ಅನ್ನೋದು ಮರೆಯಾಗುತ್ತೆ. ಸರಿಯಾದ ಸೂಚಕ ಇದು: ತಿಂಗಳಲ್ಲಿ ಕನಿಷ್ಠ ಮೂರು ಮಾತ್ರೆಯನ್ನು ಎದುರಿಗೇ ನುಂಗಿದ ಹುಡುಗಿಯರು ನೂರಕ್ಕೆ ಎಷ್ಟು? ಭಾಗಿಸಬೇಕಾದ್ದು ದಾಖಲಾತಿಯ ಸಂಖ್ಯೆಯಿಂದ, ಅಂದಿನ ಹಾಜರಾತಿಯಿಂದಲ್ಲ. ಗೈರಾದವಳಿಗೇ ಮಾತ್ರೆ ಹೆಚ್ಚು ಬೇಕಾಗಿರಬಹುದು. ಖಾತ್ರಿಗೆ, ಹೇಳದೆ ಹೋಗಿ ಹತ್ತು ಹುಡುಗಿಯರನ್ನು ಬೇರೆಬೇರೆಯಾಗಿ ಕೇಳಿ: 'ಕಳೆದ ಸೋಮವಾರ ನುಂಗಿದ್ಯಾ?' ಉತ್ತರ ರಿಜಿಸ್ಟರಿಗೆ ತಾಳೆಯಾಗದಿದ್ದರೆ ಅಲ್ಲೇ ಗೊತ್ತಾಗುತ್ತೆ.

ಹಿಮೋಗ್ಲೋಬಿನ್ ಎಂಬ ಜಾರುವ ಸಂಖ್ಯೆ

12 ವರ್ಷ ದಾಟಿದ ಹುಡುಗಿಯರಲ್ಲಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ. ತೀವ್ರ ಇದ್ದವರನ್ನು ಆಸ್ಪತ್ರೆಗೆ ಕಳಿಸಬೇಕು. ನಡುವಿನವರಿಗೆ ವಾರದ ಒಂದು ಮಾತ್ರೆ ಸಾಲದು. ವೈದ್ಯರ ಸಲಹೆಯಂತೆ ದಿನನಿತ್ಯದ ಮಾತ್ರೆ, ಸಾಮಾನ್ಯವಾಗಿ ಮೂರು ತಿಂಗಳು, ನಂತರ ಮರುಪರೀಕ್ಷೆ. ಇಷ್ಟು ಚಿಕಿತ್ಸೆಯ ಮಾತು. ಇದೇ ಪರೀಕ್ಷೆಯಿಂದ ಕಾರ್ಯಕ್ರಮದ ಫಲ ಅಳೆಯಲು ಹೊರಟಾಗ ಮೂರು ಗುಂಡಿಗಳಿವೆ.

ಮೊದಲನೆಯದು ಬೆರಳು. ಬೆರಳನ್ನು ಹಿಂಡಿ ರಕ್ತ ತೆಗೆದರೆ ಅಂಗಾಂಶದ ದ್ರವ ಬೆರೆತು ಸಂಖ್ಯೆ ಕೆಳಗಿಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ರಕ್ತನಾಳದಿಂದ ತೆಗೆದ ರಕ್ತವನ್ನೇ ಶಿಫಾರಸು ಮಾಡಿದೆ. ಶಾಲೆಯಲ್ಲಿ ಅದು ಕಷ್ಟವಾದರೆ, ಆರಂಭದಲ್ಲೂ ಕೊನೆಯಲ್ಲೂ ಒಂದೇ ಬಗೆಯ ಉಪಕರಣ, ಒಂದೇ ವಿಧಾನ, ವರ್ಷದ ಒಂದೇ ತಿಂಗಳು ಇರಲಿ. ಜೂನ್‌ನಲ್ಲಿ ಅಳೆದು, ಜಂತುಹುಳದ ಮಾತ್ರೆ ನುಂಗಿಸಿದ ಮೇಲೆ ಫೆಬ್ರವರಿಯ ಕೊನೆಗೆ ಮತ್ತೆ ಅಳೆದರೆ ಎರಡು ಬೇರೆ ಋತುಗಳನ್ನು ಹೋಲಿಸಿದಂತಾಗುತ್ತೆ.

ಎರಡನೆಯದು, ರಕ್ತಹೀನತೆ ಇದ್ದವರನ್ನಷ್ಟೇ ಮರುಪರೀಕ್ಷಿಸಿ 'ಸುಧಾರಣೆ' ಘೋಷಿಸುವುದು. ನಿಜಕ್ಕೂ 12.1 ಇರುವ ಹುಡುಗಿಗೆ ಅಳತೆಯ ದೋಷದಿಂದ ಒಮ್ಮೆ 11.6 ಬರಬಹುದು. ಎರಡನೇ ಸಲ ಅವಳ ಸಂಖ್ಯೆ ಬಹುಶಃ ಮೇಲೇ ಇರುತ್ತೆ, ಮಾತ್ರೆ ನುಂಗಿದರೂ, ಬಿಟ್ಟರೂ. ಆದ್ದರಿಂದ ಎಲ್ಲರನ್ನೂ ಅಥವಾ ಚೀಟಿ ಎತ್ತಿ ಆರಿಸಿದವರನ್ನು ಅಳೆಯಬೇಕು. ಹೊಸ ಕ್ರಮ ಒಂದು ವರ್ಷ ತಡವಾಗಿ ತಲುಪುವ ಶಾಲೆಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯದು ಸಂಖ್ಯೆಯ ಗಾತ್ರ. ನಮ್ಮ 120ರಲ್ಲಿ 60 ಮಂದಿಗೆ, ಅಂದ್ರೆ ಶೇ 50ಕ್ಕೆ ರಕ್ತಹೀನತೆ. ಮರುವರ್ಷ 53 ಮಂದಿ, ಶೇ 44. ಸಂಭ್ರಮಿಸಬಹುದಾ? ಇಷ್ಟು ಸಣ್ಣ ಗುಂಪಿನಲ್ಲಿ ಬರೀ ಆಕಸ್ಮಿಕವಾಗಿಯೇ ಸಂಖ್ಯೆ ಆಚೀಚೆ ಶೇಕಡಾ 9 ಅಂಶ ಓಲಾಡಬಹುದು. ಮೇಲಾಗಿ 10ನೇಯವರು ಹೋಗಿ 8ಕ್ಕೆ ಹೊಸಬರು ಬಂದಿರ್ತಾರೆ. ಹಾಗಾಗಿ ಹಿಮೋಗ್ಲೋಬಿನ್ ಶಾಲೆಯ ಸೂಚಕ ಅಲ್ಲ, ಹಲವು ಶಾಲೆ ಸೇರಿದ ತಾಲ್ಲೂಕು ಅಥವಾ ಜಿಲ್ಲೆಯ ಸೂಚಕ. ಮುಖ್ಯ ಶಿಕ್ಷಕರನ್ನು ಇದರ ಮೇಲೆ ಪ್ರಶ್ನಿಸುವುದು ಅನ್ಯಾಯ. ಅವರನ್ನು ಕೇಳಬೇಕಾದ್ದು ನುಂಗಿದ ಮಾತ್ರೆಯ ಲೆಕ್ಕ.

ಮುಟ್ಟು: ಹಾಜರಿ ಪುಸ್ತಕ ಹೇಳದ್ದು

ಇದೇ ಕಾರ್ಯಕ್ರಮದಲ್ಲಿ ಮುಟ್ಟಿನ ನೈರ್ಮಲ್ಯ ಸೇರಬೇಕಾದ್ದು ಬರೀ ಅನುಕೂಲಕ್ಕಲ್ಲ. ಅತಿಯಾದ ಸ್ರಾವ ಇರುವವಳಿಗೆ ಕಬ್ಬಿಣಾಂಶ ತುಂಬಿದಷ್ಟೂ ಸೋರುತ್ತೆ. ಏಳು ದಿನ ದಾಟುತ್ತಾ, ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಾ ಅಂತ ಆರೋಗ್ಯ ಕಾರ್ಯಕರ್ತೆ ಗುಟ್ಟಾಗಿ ಕೇಳಬೇಕು. ಹೌದು ಅಂದವಳನ್ನು ವೈದ್ಯರ ಬಳಿ ಕಳಿಸಬೇಕು.

ಇಲ್ಲಿ ಎಲ್ಲರೂ ಆರಿಸುವ ಸೂಚಕ ಹಾಜರಾತಿ. ನೇಪಾಳದ ಚಿತ್ವನ್‌ನಲ್ಲಿ ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ಹುಡುಗಿಯರಿಗೆ ಮುಟ್ಟಿನ ಕಪ್ ಕೊಟ್ಟು ಅಧ್ಯಯನ ನಡೆಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮುಟ್ಟಿನಿಂದ ತಪ್ಪುತ್ತಿದ್ದ ಶಾಲೆ ವರ್ಷಕ್ಕೆ ಅರ್ಧ ದಿನಕ್ಕಿಂತ ಕಡಿಮೆ, ಕಪ್‌ನಿಂದ ಅದು ಬದಲಾಗಲಿಲ್ಲ. ಕಪ್ ಬೇಡ ಅಂತ ಇದರರ್ಥ ಅಲ್ಲ. ಹಾಜರಿಯೊಂದನ್ನೇ ಗುರಿ ಮಾಡಿಕೊಂಡರೆ ಒಳ್ಳೆಯ ಕೆಲಸವೂ 'ವಿಫಲ' ಅನ್ನಿಸಿಕೊಳ್ಳುತ್ತೆ, ಅಷ್ಟೇ. ಬೆಳಗಿನ ಹಾಜರಿ ಹಾಕಿಸಿಕೊಂಡು, ಊಟದ ಹೊತ್ತಿಗೆ ಮನೆಗೆ ಹೋದವಳು ಪುಸ್ತಕದಲ್ಲಿ ಇಡೀ ದಿನ ಶಾಲೆಯಲ್ಲೇ ಇರ್ತಾಳೆ.

ಬದಲಿಗೆ ಎರಡು ಅಳತೆ ಸಾಕು. ಒಂದು, ಹೇಳದೆ ಹೋದ ದಿನ ಶೌಚಾಲಯದಲ್ಲಿ ಐದು ಸಂಗತಿ: ಬೀಗ ತೆಗೆದಿದೆಯೇ, ಒಳಗೆ ಚಿಲಕ ಇದೆಯೇ, ನೀರು ಬರುತ್ತಾ, ಸೋಪು ಇದೆಯೇ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ. ಐದೂ ಇದ್ದರೆ ಒಂದು ಅಂಕ, ಒಂದು ತಪ್ಪಿದರೂ ಸೊನ್ನೆ. ನಾಲ್ಕಿದ್ದು ಚಿಲಕ ಇಲ್ಲದ ಶೌಚಾಲಯಕ್ಕೆ ಯಾವ ಹುಡುಗಿಯೂ ಶೇ 80 ಹೋಗಲ್ಲ. ಎರಡು, ಹೆಸರಿಲ್ಲದ ಚೀಟಿಯಲ್ಲಿ ಒಂದು ಪ್ರಶ್ನೆ: 'ಕಳೆದ ಮುಟ್ಟಿನಲ್ಲಿ ಶಾಲೆಯಲ್ಲಿ ಪ್ಯಾಡ್ ಅಥವಾ ಬಟ್ಟೆ ಬದಲಾಯಿಸಿದ್ಯಾ? ಇಲ್ಲದಿದ್ದರೆ ಯಾಕೆ?' 'ಶುಚಿ' ಯೋಜನೆಯ ಪ್ಯಾಡ್ ಶಾಲೆಗೆ ಬಂದೂ ಮುಖ್ಯ ಶಿಕ್ಷಕರ ಬೀರುವಿನಲ್ಲೇ ಇದ್ದರೆ ಆ 'ಯಾಕೆ'ಗೆ ಬರುವ ಉತ್ತರದಲ್ಲಿ ಅದು ಬಯಲಾಗುತ್ತೆ.

ಯಾರ ಮೇಜಿಗೆ ಯಾವ ಸಂಖ್ಯೆ

- ಶಾಲೆಗೆ, ಪ್ರತಿ ತಿಂಗಳು: ಮೂರಕ್ಕಿಂತ ಕಡಿಮೆ ಮಾತ್ರೆ ನುಂಗಿದವರು ಎಷ್ಟು, ಶೌಚಾಲಯದ ಅಂಕ ಒಂದೋ ಸೊನ್ನೆಯೋ.
- ತಾಲ್ಲೂಕಿಗೆ, ಮೂರು ತಿಂಗಳಿಗೊಮ್ಮೆ: ಆಸ್ಪತ್ರೆಗೆ ಕಳಿಸಿದವರಲ್ಲಿ ನಿಜಕ್ಕೂ ತಲುಪಿದವರು, ಚಿಕಿತ್ಸೆ ಮುಗಿಸಿ ಮರುಪರೀಕ್ಷೆಯಾದವರು, ಮಾತ್ರೆ ಅಥವಾ ಪ್ಯಾಡ್ ಇಲ್ಲದೆ ಕಳೆದ ವಾರಗಳು.
- ಜಿಲ್ಲೆಗೆ, ವರ್ಷಕ್ಕೊಮ್ಮೆ: ಮಾದರಿ ಶಾಲೆಗಳಲ್ಲಿ ರಕ್ತಹೀನತೆಯ ಪ್ರಮಾಣ, ಚೀಟಿಯ ಉತ್ತರಗಳು.

ಹುಡುಗಿಯರ ಹೆಸರಿರುವ ಪಟ್ಟಿ ಆರೋಗ್ಯ ಕಾರ್ಯಕರ್ತೆ ಮತ್ತು ಒಬ್ಬ ಶಿಕ್ಷಕಿಯನ್ನು ದಾಟಬಾರದು. ಸೂಚನಾ ಫಲಕಕ್ಕೆ, ವಾಟ್ಸಾಪ್ ಗ್ರೂಪಿಗೆ ಅದು ಒಮ್ಮೆ ಹೋದರೆ, ಮುಂದಿನ ಪರೀಕ್ಷೆಯ ದಿನ ಬೆರಳು ಚಾಚಬೇಕಾದವರೇ ಶಾಲೆಗೆ ಬರಲ್ಲ. ಆಮೇಲೆ ರಕ್ತಹೀನತೆಯ ಶೇಕಡಾವಾರು ಇಳಿದೇ ಇಳಿಯುತ್ತೆ, ಕಾಗದದ ಮೇಲೆ.